ಬಳ್ಳಾರಿ ಸೀಮೆಯಿಂದ ಥಾಮಸ್ ಮನ್ರೋ ಅವರ ಸೇವಾ ವಿವರ

ಸರ್ಕಾರಿ ಅಧಿಕಾರಿಯೊಬ್ಬರ ಪರಿಚಯ ಬರೆಯುವಾಗ ಯಾವ ಹುದ್ದೆ, ಯಾವ ಹೊಣೆ, ಯಾವ ಸುಧಾರಣೆ ಎಂಬುದನ್ನು ಪಕ್ಷಪಾತವಿಲ್ಲದೆ ಹೇಳಬೇಕು ಎಂದು ನೀವು ಕೇಳಿದ್ದೀರಿ. ಜೊತೆಗೆ, ಇನ್ನೂರು ವರ್ಷಗಳ ಹಿಂದಿನ ಒಬ್ಬ ಕಲೆಕ್ಟರನ ಹೆಸರು ನಮ್ಮ ಬಳ್ಳಾರಿ ಗಡಿಯ ಜನರ ಮಾತಿನಲ್ಲಿ ಇಂದಿಗೂ ಏಕೆ ಬರುತ್ತದೆ ಎಂದೂ ಕೇಳಿದ್ದೀರಿ. ಎರಡಕ್ಕೂ ಒಂದೇ ಉತ್ತರದಲ್ಲಿ ಹೇಳಬಹುದು. ಥಾಮಸ್ ಮನ್ರೋ ಅವರ ಸೇವೆಯ ವಿವರವನ್ನು ಇಸವಿಗಳ ಪಟ್ಟಿಯಾಗಿ ಮಾತ್ರ ಬರೆದರೆ ಅವರು ಇಲ್ಲಿ ಮಾಡಿದ ಕೆಲಸ ತಿಳಿಯುವುದಿಲ್ಲ. ಅವರ ಮುಖ್ಯ ಸುಧಾರಣೆಯು ಒಂದು ಹುದ್ದೆಯಲ್ಲಿದ್ದಾಗ ಬರಹಕ್ಕೆ ಬಂದು, ಹದಿಮೂರು ವರ್ಷಗಳಾದ ಮೇಲೆ, ಅವರೇ ಇನ್ನೊಂದು ಹುದ್ದೆಯಲ್ಲಿದ್ದಾಗ ಜಾರಿಗೆ ಬಂದಿತು.

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿದರು. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಯ ಕೆಡೆಟ್ ಆಗಿ ಮದರಾಸಿಗೆ ಬಂದು, ಹೈದರ್ ಅಲಿಯ ಮೇಲಿನ ಯುದ್ಧದಲ್ಲೂ ನಂತರ ಟಿಪ್ಪುವಿನ ಮೇಲಿನ ಯುದ್ಧದಲ್ಲೂ ಸೇವೆ ಸಲ್ಲಿಸಿದರು. ಕಂದಾಯದ ಕೆಲಸಕ್ಕೆ ಅವರು ಬಂದದ್ದು 1792ರಲ್ಲಿ, ಟಿಪ್ಪುವಿನಿಂದ ಕಂಪನಿಗೆ ಬಂದ ಬಾರಾಮಹಲ್ ಪ್ರಾಂತದಲ್ಲಿ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಾಗಿ. ರೈತನೊಂದಿಗೆ ಸರ್ಕಾರವೇ ನೇರವಾಗಿ ಕಂದಾಯದ ಕರಾರು ಮಾಡಿಕೊಳ್ಳುವ ರೈತವಾರಿ ಪದ್ಧತಿ ರೂಪುಗೊಂಡದ್ದು ಅಲ್ಲಿಯೇ. ಆದ್ದರಿಂದ ಆ ಪದ್ಧತಿಯನ್ನು ಮನ್ರೋ ಒಬ್ಬರೇ ಕಂಡುಹಿಡಿದರೆಂದು ಬರೆಯುವುದು ಸರಿಯಲ್ಲ. ಆರಂಭ ರೀಡ್ ಅವರದು. ಅದನ್ನು ವಿಸ್ತರಿಸಿ, ವಾದಿಸಿ, ಉಳಿಸಿಕೊಂಡವರು ಮನ್ರೋ.

ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಮೈಸೂರಿನ ವ್ಯವಸ್ಥೆಗಾಗಿ ನೇಮಿಸಿದ ಆಯೋಗಕ್ಕೆ ಅವರು ಜಾನ್ ಮಾಲ್ಕಮ್ ಅವರೊಂದಿಗೆ ಕಾರ್ಯದರ್ಶಿಯಾಗಿದ್ದರು. ಅದೇ ವರ್ಷ ಕರಾವಳಿಯ ಕೆನರಾ ಪ್ರಾಂತಕ್ಕೆ ಕಲೆಕ್ಟರಾಗಿ ಹೋಗಿ, ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಅಲ್ಲಿದ್ದರು. ಕೆನರಾದಲ್ಲಿ ಭೂಮಿಯು ಬಹುಕಾಲದಿಂದ ಖಾಸಗಿ ಸ್ವತ್ತಾಗಿತ್ತೆಂಬುದನ್ನು ಹಳೆಯ ಲೆಕ್ಕಪತ್ರಗಳ ಮೂಲಕ ಅವರು ಗುರುತಿಸಿದ್ದು ಮುಂದಿನ ಅವರ ವಾದಗಳಿಗೆ ಆಧಾರವಾಯಿತು.

ನಮ್ಮ ಸೀಮೆಗೆ ಅವರು ಬಂದದ್ದು ಅದರ ನಂತರ. 1800ರ ಅಕ್ಟೋಬರ್ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಈ ನಾಡಿಗೆ ದತ್ತ ಮಂಡಲ ಎಂಬ ಹೆಸರು ಬಂತು. ಮನ್ರೋ ಇದರ ಮುಖ್ಯ ಕಲೆಕ್ಟರಾದರು. ಅವರ ಕೈಕೆಳಗೆ ನಾಲ್ವರು ಉಪ ಕಲೆಕ್ಟರುಗಳಿದ್ದರು. ಅವರ ಹೊಣೆಯು ಕಂದಾಯಕ್ಕಷ್ಟೇ ಸೀಮಿತವಾಗಿರಲಿಲ್ಲ. ಇಲ್ಲಿ ಸುಮಾರು 80 ಪಾಳೇಗಾರರು ಸ್ವಂತ ಸಶಸ್ತ್ರ ಪಡೆಗಳನ್ನು ಇಟ್ಟುಕೊಂಡಿದ್ದರು. ಸೇನೆಯ ನೆರವಿನಿಂದ ಮನ್ರೋ ಈ ಪಾಳೇಗಾರರನ್ನು ಅಡಗಿಸಿದರು. ಕೆಲವರನ್ನು ಹೊರಹಾಕಿದರು, ಕೆಲವರಿಗೆ ವಿಶ್ರಾಂತಿ ವೇತನ ಗೊತ್ತುಮಾಡಿದರು. ಈ ಕ್ರಮವು ಕಠಿಣವಾಯಿತೆಂದು ಲಂಡನ್ನಿನ ನಿರ್ದೇಶಕರ ಮಂಡಳಿಯೇ ಆಕ್ಷೇಪಿಸಿತ್ತು. ಈ ಆಕ್ಷೇಪವನ್ನು ಬಿಟ್ಟು ಬರೆದ ಪರಿಚಯವನ್ನು ನಾನು ತಟಸ್ಥವೆಂದು ಒಪ್ಪಲಾರೆ.

ಇನ್ನು ಭೂಮಾಪನದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಹೊಲಗಳ ಲೆಕ್ಕ ಇದರ ಮೇಲೆ ನಿಂತಿದೆ. 1802ರ ಜೂನ್‌ನಲ್ಲಿ ಅಳತೆ ಆರಂಭವಾದಾಗ ಇಡೀ ಪ್ರಾಂತದಲ್ಲಿ ಭೂಮಿ ಅಳೆಯುವುದನ್ನು ಬಲ್ಲವರು ಕಚೇರಿಯ ನಾಲ್ವರು ಗುಮಾಸ್ತರು ಮಾತ್ರ. ಅವರಿಂದ ಊರಿನವರಿಗೇ ಕಲಿಸಿದ್ದರಿಂದ ಎರಡು ವರ್ಷದಲ್ಲಿ ಅಳತೆಗಾರರ ಸಂಖ್ಯೆ ಐವತ್ತಕ್ಕೂ, ಮರುವರ್ಷ ನೂರಕ್ಕೂ ಏರಿತು. 33 ಅಡಿ ಉದ್ದದ ಸರಪಳಿಯನ್ನು ಬಳಸಲಾಯಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೆಂದರೆ 1089 ಚದರ ಅಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ನಮ್ಮ ಪಹಣಿಯಲ್ಲಿ ಇಂದಿಗೂ ಬರುವ ಗುಂಟೆ ಇದೇ ಅಳತೆ. ಗಡಿಯಾಚೆ ಆಂಧ್ರದ ಕಡೆ ಎಕರೆಯನ್ನು ನೂರು ಸೆಂಟುಗಳಾಗಿ ಲೆಕ್ಕ ಹಾಕುತ್ತಾರೆ. ಎರಡೂ ಕಡೆ ಹೊಲವಿರುವ ಕುಟುಂಬಗಳವರು ಎರಡೂವರೆ ಸೆಂಟಿಗೆ ಒಂದು ಗುಂಟೆ ಎಂದು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ.

ಅಳತೆಗಾರರ ಕೆಲಸವನ್ನು ಪರೀಕ್ಷಕರು ಮತ್ತೆ ಅಳೆದು ನೋಡುತ್ತಿದ್ದರು. ಮಿತಿ ಮೀರಿದ ವ್ಯತ್ಯಾಸ ಕಂಡುಬಂದರೆ ಅಳತೆಗಾರನನ್ನು ಕೆಲಸದಿಂದ ತೆಗೆಯಲಾಗುತ್ತಿತ್ತು. ಅವರ ಹಿಂದೆಯೇ ದರ ಕಟ್ಟುವವರು ಬಂದು, ಪಟೇಲ, ಶಾನುಭೋಗ ಮತ್ತು ರೈತರ ಅಭಿಪ್ರಾಯ ಕೇಳಿ ಭೂಮಿಯನ್ನು ಮಳೆಯ ಮೇಲೆ ಬೆಳೆಯುವ ಖುಷ್ಕಿ, ನೀರಾವರಿಯ ತರಿ, ತೋಟ ಎಂದು ವಿಂಗಡಿಸಿ, ಪ್ರತಿಯೊಂದನ್ನೂ ತರಗತಿಗಳಾಗಿ ಮಾಡುತ್ತಿದ್ದರು. ಆದರೆ ಈ ವ್ಯವಸ್ಥೆಯ ದೊಡ್ಡ ಮಿತಿ ಇಲ್ಲಿಯೇ ಇತ್ತು. ಹೊಲದ ಮಣ್ಣಿನಿಂದ ಹೊರಟ ಲೆಕ್ಕವೇ ಕೊನೆಯ ಮಾತಾಗಿರಲಿಲ್ಲ. ಇಡೀ ಸೀಮೆಯಿಂದ ಎಷ್ಟು ಬರಬೇಕೆಂದು ಹಿಂದಿನ ಲೆಕ್ಕಗಳನ್ನು ನೋಡಿ ಮೇಲಿನಿಂದ ಮೊತ್ತವೊಂದನ್ನು ನಿಗದಿ ಮಾಡಿ, ಅದನ್ನು ಊರುಗಳಿಗೂ ಹೊಲಗಳಿಗೂ ಹಂಚಲಾಗುತ್ತಿತ್ತು. ಮೇಲಾಗಿ, ಒಬ್ಬ ರೈತ ಕೊಡಲಾಗದೆ ಉಳಿಸಿದ ಬಾಕಿಯನ್ನು ಅದೇ ಊರಿನ ಉಳಿದ ರೈತರ ಮೇಲೆ, ನೂರಕ್ಕೆ ಹತ್ತರ ಮಿತಿಯೊಳಗೆ, ಹೇರಲು ಅವಕಾಶವಿತ್ತು. ರೈತನೊಂದಿಗೆ ನೇರ ಸಂಬಂಧ ಎಂಬ ತತ್ವಕ್ಕೆ ಇದು ಹೊಂದುವುದಿಲ್ಲ.

ಮನ್ರೋ ಅವರಿಗೆ ದರದ ಭಾರ ತಿಳಿದಿತ್ತು. ಅಳತೆ ಮುಗಿದ ಮೇಲೆ 1807ರ ಆಗಸ್ಟ್ 15ರಂದು ಸಲ್ಲಿಸಿದ ವರದಿಯಲ್ಲಿ ಅವರು ಅದನ್ನು ಲೆಕ್ಕದೊಂದಿಗೇ ಇಟ್ಟರು. ಅವರ ಪ್ರಕಾರ ಆಗಿನ ಕಂದಾಯವು ಒಟ್ಟು ಬೆಳೆಯ ಸುಮಾರು ನೂರಕ್ಕೆ 45 ಭಾಗವಾಗಿತ್ತು. ಒಂದು ಖುಷ್ಕಿ ಹೊಲದಲ್ಲಿ ನೂರು ರೂಪಾಯಿ ಬೆಲೆಯ ಜೋಳ ಬೆಳೆದರೆ ನಲವತ್ತೈದು ಸರ್ಕಾರಕ್ಕೆ. ಉಳಿದ ಐವತ್ತೈದರಲ್ಲಿ ಬೀಜ, ಎತ್ತು, ಆಳು, ಮನೆಯ ಊಟ ಎಲ್ಲವೂ ನಡೆಯಬೇಕು. ಇಂಥ ಹೊಲವನ್ನು ಕೊಳ್ಳಲು ಯಾರೂ ಬರುವುದಿಲ್ಲ. ಮಾರುಕಟ್ಟೆ ಬೆಲೆಯಿಲ್ಲದ ಭೂಮಿ ರೈತನಿಗೆ ಆಸ್ತಿಯಾಗುವುದಿಲ್ಲ. ಆದ್ದರಿಂದ ನಿಗದಿಯಾದ ಕಂದಾಯದಲ್ಲಿ ಎಲ್ಲ ಭೂಮಿಗೂ ನೂರಕ್ಕೆ 25ರಷ್ಟನ್ನು ಕಡಿಮೆ ಮಾಡಬೇಕೆಂದು ಅವರು ಕೇಳಿದರು. ನಲವತ್ತೈದರಲ್ಲಿ ಕಾಲು ಭಾಗ ಕಳೆದರೆ ಮೂವತ್ಮೂರೂ ಮುಕ್ಕಾಲು ಉಳಿಯುತ್ತದೆ, ಅಂದರೆ ಹತ್ತಿರಹತ್ತಿರ ಬೆಳೆಯ ಮೂರನೆಯ ಒಂದು ಭಾಗ. ಬಾವಿಯಿಂದ ಅಥವಾ ಹಳ್ಳದಿಂದ ನೀರೆತ್ತಿ ಬೆಳೆಯುವವರಿಗೆ, ಆ ನೀರಿನ ವ್ಯವಸ್ಥೆಯ ದುರಸ್ತಿಯನ್ನು ಅವರೇ ನೋಡಿಕೊಳ್ಳುವುದಾದರೆ, ಇನ್ನೂ 8 ಸೇರಿಸಿ ಒಟ್ಟು ನೂರಕ್ಕೆ 33ರ ಇಳಿಕೆ ಕೊಡಬೇಕೆಂದರು.

ಮೇಲಿನವರು ಒಪ್ಪಲಿಲ್ಲ. ಅದೇ ವರ್ಷ ಮನ್ರೋ ರಜೆಯ ಮೇಲೆ ಸ್ವದೇಶಕ್ಕೆ ಹೊರಟರು. ಅವರು ಹೋದ ಮೇಲೆ ರೈತವಾರಿಯನ್ನೇ ಕೈಬಿಟ್ಟು ಊರೂರನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ಬಂತು. ಮೊದಲು ಮೂರು ವರ್ಷದ ಗುತ್ತಿಗೆ, ನಂತರ ಹತ್ತು ವರ್ಷದ್ದು. ಇಳಿಸದ ದರದಲ್ಲೇ ಊರು ಹಿಡಿದ ಗುತ್ತಿಗೆದಾರರು ಅನೇಕರು ದಿವಾಳಿಯಾದರು, ಕೆಲವರು ಸೆರೆಮನೆಯನ್ನೂ ಕಂಡರು. ಇದರ ಹಾನಿಯನ್ನು ಮನ್ರೋ ಅವರ ಲೆಕ್ಕಕ್ಕೆ ಹಾಕುವುದು ತಪ್ಪು. ಆದರೆ ದರವನ್ನು ಮೊದಲು ಕಟ್ಟಿದವರು ಅವರೇ ಎಂಬುದನ್ನು ಮರೆಮಾಡುವುದೂ ತಪ್ಪು. 1820ರಲ್ಲಿ ಅವರೇ ಮದರಾಸಿನ ಗವರ್ನರಾಗಿ ಬಂದ ಮೇಲೆ ರೈತವಾರಿಯೊಂದಿಗೆ ಈ ಇಳಿಕೆಯೂ ದತ್ತ ಮಂಡಲದಲ್ಲಿ ಜಾರಿಯಾಯಿತು. ಹೀಗಾಗಿ ಈ ಸುಧಾರಣೆಯನ್ನು ಅವರ ಸೇವಾ ವಿವರದಲ್ಲಿ ಎರಡು ಕಡೆ ಬರೆಯಬೇಕು: 1807ರಲ್ಲಿ ಶಿಫಾರಸು ಎಂದೂ, ಗವರ್ನರರ ಅವಧಿಯಲ್ಲಿ ಆದೇಶ ಎಂದೂ.

ನಡುವಿನ ಹುದ್ದೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. 1814ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥರಾಗಿ ಮದರಾಸಿಗೆ ಮರಳಿದರು. 1816ರ ಕಾಯಿದೆಗಳಿಂದ ಊರಿನ ಮುನ್ಸೀಫರಿಗೆ ಮತ್ತು ಪಂಚಾಯಿತಿಗಳಿಗೆ ಸಣ್ಣ ವ್ಯಾಜ್ಯಗಳ ಅಧಿಕಾರ ಬಂತು. ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರಗಳು ಜಿಲ್ಲಾ ನ್ಯಾಯಾಧೀಶರ ಕೈಯಿಂದ ಕಲೆಕ್ಟರ ಕೈಗೆ ಹೋದವು. ಮರಾಠರ ಮೇಲಿನ ಕೊನೆಯ ಯುದ್ಧದಲ್ಲಿ ಅವರು ಮತ್ತೆ ಸೇನಾಧಿಕಾರಿಯಾಗಿ ಬಾದಾಮಿಯನ್ನೂ, 1818ರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆಯನ್ನೂ ಹಿಡಿದರು.

ಗವರ್ನರಾಗಿದ್ದಾಗ 1822ರಲ್ಲಿ ಅವರು ಊರ ಶಾಲೆಗಳ ವಿಚಾರಣೆಗೆ ಆದೇಶಿಸಿದರು. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕೊಟ್ಟ ಉತ್ತರವನ್ನು ನಮ್ಮ ಗಡಿಯನ್ನು ಅರಿಯಬಯಸುವ ಹೊರಗಿನವರಿಗೆ ನಾನು ಮೊದಲು ತೋರಿಸುತ್ತೇನೆ. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮತ್ತು ತಮಿಳಿನವು, ಇಂಗ್ಲಿಷಿನದು ಒಂದೇ. ಎರಡು ಭಾಷೆಗಳು ಇಷ್ಟು ಸಮನಾಗಿ ಬೆರೆತ ಜಿಲ್ಲೆಯನ್ನೇ 1953ರ ಅಕ್ಟೋಬರ್ 1ರಂದು ಭಾಗ ಮಾಡಿದ್ದು: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ. ಜನರು ತಮ್ಮ ಮೇಲೆ ಬಿದ್ದ ಬಡತನದಿಂದ ಮಕ್ಕಳನ್ನು ಶಾಲೆಗೆ ಕಳಿಸಲಾರದಾಗಿದ್ದಾರೆ ಎಂದು ಕ್ಯಾಂಪ್‌ಬೆಲ್ ಅದೇ ಉತ್ತರದಲ್ಲಿ ಬರೆದದ್ದನ್ನು ಕಂದಾಯದ ಅಧ್ಯಾಯದ ಜೊತೆಗಿಟ್ಟು ಓದಬೇಕು.

ಮಂತ್ರಾಲಯದಲ್ಲಿ ಮಠದ ಇನಾಮಿನ ವಿಚಾರಣೆಗೆ ಹೋದ ಮನ್ರೋ ಅವರಿಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದಲೇ ದರ್ಶನವಿತ್ತು ಮಾತನಾಡಿದರೆಂದು ಭಕ್ತರು ನಂಬುತ್ತಾರೆ. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟದ್ದೂ ಉಂಟು. ಸೇವಾ ವಿವರದಲ್ಲಿ ಇವನ್ನು ಜನರ ನಂಬಿಕೆ ಮತ್ತು ನೆನಪು ಎಂದು ಬೇರೆಯಾಗಿಯೇ ಬರೆಯಿರಿ, ಬಿಟ್ಟುಬಿಡಬೇಡಿ.

ಸ್ವದೇಶಕ್ಕೆ ಹೊರಡುವ ಮುನ್ನ ಮನ್ರೋ ದತ್ತ ಮಂಡಲವನ್ನು ಕೊನೆಯ ಬಾರಿ ನೋಡಲು ಪ್ರವಾಸ ಬಂದರು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಅವರನ್ನು ಗುತ್ತಿಯಲ್ಲಿ ಸಮಾಧಿ ಮಾಡಿ, 1831ರಲ್ಲಿ ಅವಶೇಷಗಳನ್ನು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ಬಾವಿಯನ್ನು ತೋಡಿಸಿ ತೋಪನ್ನು ಬೆಳೆಸಿದರು.