ತಮ್ಮ ತಿದ್ದಿಕೊಟ್ಟ ದೂರು: ಕೊಡುವ ಮುನ್ನ ಒಂದು ಓದು

ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ದೂರು ಬರೆದ ಮಹಿಳೆಯನ್ನು ಇಲ್ಲಿ ಶಾರದಾ ಎನ್ನೋಣ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಕೆಲಸ. ಲೈನಿನ ಸೂಪರ್‌ವೈಸರ್ ಮೈಮುಟ್ಟಿ ಮಾತಾಡಿಸುತ್ತಾನೆ, ಬೇಡವೆಂದರೆ ಪೀಸು ಸರಿಯಿಲ್ಲವೆಂದು ಎಲ್ಲರೆದುರು ಬೈಯುತ್ತಾನೆ ಎಂಬುದು ಅವರ ಸಂಕಟ. ನಿದ್ದೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬರುತ್ತಿದ್ದವರು, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಕಾರ್ಖಾನೆಯ ಆಂತರಿಕ ಸಮಿತಿಗೆ ದೂರು ಕೊಡಲು ತಾವೇ ನಿರ್ಧರಿಸಿದರು.

ಆ ವಾರ ಬಂದಾಗ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಮಗಳ ನೋಟ್‌ಬುಕ್ಕಿನ ಹಾಳೆಗಳಲ್ಲಿ ಅವರೇ ಬರೆದದ್ದು. ಇನ್ನೊಂದು, ಕಾಲೇಜಿನಲ್ಲಿ ಪಾಠ ಮಾಡುವ ತಮ್ಮ ಅದನ್ನು ತಿದ್ದಿ ಟೈಪ್ ಮಾಡಿಸಿದ್ದು.

“ತಮ್ಮ ಚೆನ್ನಾಗಿ ಬರ್ದುಕೊಟ್ಟಿದಾನೆ ಮೇಡಂ. ನಾಳೆ ಕೊಡ್ಬೇಕು ಅಂತಿದೀನಿ. ಆದ್ರೆ ಓದಿದ್ರೆ ಯಾರದೋ ಕತೆ ಓದ್ದಂಗೆ ಆಗುತ್ತೆ” ಎಂದರು.

ಈ ಅಳುಕನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ದೂರು ಕೊಟ್ಟವರನ್ನು ಸಮಿತಿ ಕೂರಿಸಿಕೊಂಡು ಅದರ ಸಾಲು ಸಾಲಿನ ಮೇಲೂ ಕೇಳಬಹುದು. ತನ್ನದಲ್ಲದ ಸಾಲಿಗೆ ಉತ್ತರ ಕೊಡುವುದು ಯಾರಿಗಾದರೂ ಕಷ್ಟ. ನೊಂದವರು ಅಲ್ಲಿ ತಡವರಿಸಿದರೆ, ಕೇಳುತ್ತಿರುವವರಿಗೆ ಅದು ಸುಳ್ಳಿನಂತೆ ಕಾಣುವ ಅಪಾಯವಿದೆ.

ಟೈಪ್ ಮಾಡಿದ್ದನ್ನು ಬದಿಗಿಟ್ಟು, ಮೊದಲು ಕೈಬರಹವನ್ನೇ ಗಟ್ಟಿಯಾಗಿ ಓದಲು ಹೇಳಿದೆ. ಅವರು ಓದಿದಂತೆ, ಯಾವಾಗ, ಎಲ್ಲಿ, ಎಷ್ಟು ಸಲ, ಯಾರಿದ್ದರು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದು ಬಂದಲ್ಲೆಲ್ಲ ಪೆನ್ಸಿಲಿನಿಂದ ಅವರಿಂದಲೇ ಗೆರೆ ಎಳೆಸಿದೆ. ಆಮೇಲೆ ಗೆರೆ ಎಳೆದ ಒಂದೊಂದನ್ನೂ ಟೈಪ್ ಪ್ರತಿಯಲ್ಲಿ ಹುಡುಕಿದೆವು. ಬಿಟ್ಟುಹೋದದ್ದು ಹೀಗೆ ಸಿಗುತ್ತದೆ. ಸೇರಿಕೊಂಡದ್ದು ಸಿಗಬೇಕಾದರೆ ಇದನ್ನೇ ತಿರುಗಿಸಬೇಕು: ಟೈಪ್ ಪ್ರತಿಯ ಒಂದೊಂದು ವಾಕ್ಯಕ್ಕೂ ಬೆರಳಿಟ್ಟು, ಇದು ಕೈಬರಹದಲ್ಲಿ ಎಲ್ಲಿದೆ ಎಂದು ಕೇಳಬೇಕು. ತಿದ್ದಿದ ಪ್ರತಿಯನ್ನಷ್ಟೇ ಎಷ್ಟು ಸಲ ಓದಿದರೂ ಇವೆರಡೂ ಕಣ್ಣಿಗೆ ಬೀಳುವುದಿಲ್ಲ. ಓಟ ಚೆನ್ನಾಗಿದ್ದರೆ ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ.

ಮೊದಲು ಸಿಕ್ಕಿದ್ದು ದಿನಾಂಕದ ವಿಷಯ. ಶಾರದಾ ಬರೆದಿದ್ದರು: “ಹೋದ ತಿಂಗಳು ಸಂಬಳ ಆದ ಮಾರನೇ ದಿನ, ಊಟದ ಬೆಲ್ ಆದಮೇಲೆ, ಪೀಸು ಎಣಿಸ್ತಾ ಇದ್ದಾಗ ಹಿಂದಿನಿಂದ ಬಂದು ಭುಜದ ಮೇಲೆ ಕೈ ಹಾಕಿದ್ರು. ನಾನು ತಳ್ಳಿದೆ.” ಟೈಪ್ ಪ್ರತಿಯಲ್ಲಿ ಅದು “ಕಳೆದ ಒಂದು ವರ್ಷದಿಂದ ನಿರಂತರವಾಗಿ ದೈಹಿಕ ಹಾಗೂ ಮಾನಸಿಕ ದೌರ್ಜನ್ಯ ಎಸಗುತ್ತಾ ಬಂದಿರುತ್ತಾರೆ” ಎಂದಾಗಿತ್ತು. ಕೇಳಲು ಗಂಭೀರವಾಗಿದೆ, ಆದರೆ ಏನಾಯಿತು ಎಂಬುದೇ ಅದರಲ್ಲಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ತಮ್ಮ ಅಳಿಸಿದ್ದು ಆ ಕೊನೆಯ ಘಟನೆಯ ದಿನವನ್ನೇ. ಸಂಬಳದ ಮೆಸೇಜ್ ಮೊಬೈಲಿನಲ್ಲಿ ಇನ್ನೂ ಇತ್ತು. ಅದನ್ನು ನೋಡಿ ತಾರೀಖು ಗೊತ್ತುಮಾಡಿ, ಅವರ ವಾಕ್ಯದ ಮುಂದೆಯೇ ಬರೆಸಿದೆ.

ಎರಡನೆಯದು ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ವ್ಯತ್ಯಾಸ. “ಪಕ್ಕದ ಲೈನಿನ ಹೆಲ್ಪರ್ ಹುಡುಗಿಗೂ ಹಿಂಗೇ ಮಾಡಿದಾರಂತೆ, ಅವಳೇ ಹೇಳಿದ್ಲು” ಎಂಬುದು “ಇತರ ಮಹಿಳಾ ಸಿಬ್ಬಂದಿಯೊಂದಿಗೂ ಅಸಭ್ಯವಾಗಿ ವರ್ತಿಸುವುದನ್ನು ಕಂಡಿರುತ್ತೇನೆ” ಎಂದಾಗಿತ್ತು. “ನೀವು ನೋಡಿದ್ರಾ?” ಎಂದು ಕೇಳಿದೆ. “ಇಲ್ಲಪ್ಪ, ನಾನೆಲ್ಲಿ ನೋಡ್ದೆ!” ಎಂದರು. ದೂರಿನ ಒಂದು ಪ್ರತಿ ಆ ಸೂಪರ್‌ವೈಸರ್ ಕೈಗೂ ಹೋಗುತ್ತದೆ, ಅವನು ಉತ್ತರ ಬರೆಯುತ್ತಾನೆ. ಸುಳ್ಳು ಹಿಡಿಯಲು ಅವನಿಗೆ ಈ ಒಂದು ವಾಕ್ಯ ಸಾಕಿತ್ತು. ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ಕಾಣದ್ದನ್ನು ಕಂಡೆ ಎಂದು ಸಹಿ ಹಾಕುವುದು ಬೇರೆ ಮಾತು. ಆ ಹುಡುಗಿಯನ್ನು ಕೇಳದೆ ಅವಳ ವಿಷಯ ಎತ್ತುವುದು ಬೇಡವೆಂದೂ ಶಾರದಾರಿಗೇ ಅನ್ನಿಸಿತು. ಅವಳು ಒಪ್ಪಿದರೆ ಸಾಕ್ಷಿಯಾಗಿ ಹೆಸರು ಕೊಡುವುದು, ಇಲ್ಲದಿದ್ದರೆ ವಾಕ್ಯವನ್ನೇ ತೆಗೆಯುವುದು ಎಂದು ತೀರ್ಮಾನಿಸಿದರು.

“ಮೊದಮೊದ್ಲು ನಾನು ನಕ್ಕು ಸುಮ್ನಾಗ್ತಿದ್ದೆ, ಕೆಲ್ಸ ಹೋಗುತ್ತೆ ಅಂತ ಭಯ” ಎಂಬ ಮಾತನ್ನು ತಮ್ಮ ಪೂರ್ತಿ ತೆಗೆದುಹಾಕಿದ್ದ. ಅಕ್ಕನ ಮಾನ ಕಾಯಬೇಕೆಂಬ ಅವನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ “ಇವರೂ ನಗುತ್ತಿದ್ದರು” ಎಂದು ಎದುರು ಕಡೆಯವರು ಹೇಳುವುದು ಬಹುತೇಕ ಖಚಿತ. ಆಗ ವಿವರಿಸುವುದಕ್ಕಿಂತ, ಯಾಕೆ ನಕ್ಕೆ ಎಂದು ಮೊದಲೇ ತಮ್ಮದೇ ಮಾತಿನಲ್ಲಿ ಹೇಳುವುದು ಎಷ್ಟೋ ಮೇಲು. ಆ ಮಾತು ಮತ್ತೆ ಸೇರಿತು.

ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಪ್ಯಾರಾ. ಶಾರದಾ ಕೇಳಿಕೊಂಡಿದ್ದು ಇಷ್ಟು: “ನನ್ನನ್ನ ಬೇರೆ ಲೈನಿಗೆ ಹಾಕಿ, ಇಲ್ಲಾ ಅವರನ್ನ ಹಾಕಿ. ಅವರ ಕೈಕೆಳಗೆ ಕೆಲ್ಸ ಮಾಡಕ್ಕಾಗಲ್ಲ.” ತಮ್ಮನ ಕೈಯಲ್ಲಿ ಅದು “ಸದರಿಯವರನ್ನು ಕೂಡಲೇ ಸೇವೆಯಿಂದ ವಜಾಗೊಳಿಸಿ ಕ್ರಿಮಿನಲ್ ಮೊಕದ್ದಮೆ ಹೂಡಬೇಕೆಂದು ಆಗ್ರಹಿಸುತ್ತೇನೆ” ಎಂದಾಗಿತ್ತು. ವಿಚಾರಣೆ ನಡೆಯುವಾಗ ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಹಾಕಲು, ಅಥವಾ ಮಹಿಳೆಗೆ ಮೂರು ತಿಂಗಳವರೆಗೆ ರಜೆ ಕೊಡಲು, ಸಮಿತಿ ಶಿಫಾರಸು ಮಾಡಬಹುದು. ಆದರೆ ಅದಕ್ಕೆ ನೊಂದ ಮಹಿಳೆ ಲಿಖಿತವಾಗಿ ಕೇಳಬೇಕು. ಕಾಯ್ದೆ ಓದದ ಶಾರದಾ ತಮಗೆ ಬೇಕಾದ್ದನ್ನು ನೇರವಾಗಿ ಕೇಳಿದ್ದರು, ಅದು ಕಾಯ್ದೆಯಲ್ಲೂ ಇತ್ತು. ತಿದ್ದುಪಡಿಯಲ್ಲಿ ಆ ಕೋರಿಕೆಯೇ ಮಾಯವಾಗಿ, ಅವರು ಕೇಳದೇ ಇದ್ದದ್ದು ಬಂದು ಕೂತಿತ್ತು.

ತಮ್ಮನನ್ನೂ ಕರೆಸಿ ಮಾತಾಡಿದೆ. “ಅಕ್ಕ ಬರ್ದಂಗೇ ಕೊಟ್ರೆ ಯಾರು ಸೀರಿಯಸ್ಸಾಗಿ ತಗೋತಾರೆ ಮೇಡಂ?” ಎಂದ. ಅವನು ಮಾಡಿದ್ದರಲ್ಲಿ ಉಳಿಸಿಕೊಳ್ಳಬೇಕಾದ್ದೂ ಇತ್ತು. ಘಟನೆಗಳನ್ನು ನಡೆದ ಕ್ರಮದಲ್ಲಿ ಜೋಡಿಸಿದ್ದ, ಒಂದೊಂದಕ್ಕೂ ಬೇರೆ ಪ್ಯಾರಾ ಮಾಡಿದ್ದ, ಯಾರಿಗೆ, ಯಾವ ವಿಷಯ ಎಂದು ಮೇಲೆ ಸ್ಪಷ್ಟವಾಗಿ ಹಾಕಿದ್ದ, ಕಾಗುಣಿತ ತಿದ್ದಿದ್ದ. ಇವು ಓದುವವರಿಗೆ ನೆರವಾಗುತ್ತವೆ, ವಿಷಯವನ್ನು ಮುಟ್ಟುವುದಿಲ್ಲ. ಈ ಚೌಕಟ್ಟನ್ನು ಇಟ್ಟುಕೊಂಡು ಒಳಗಿನ ವಾಕ್ಯಗಳನ್ನು ಅಕ್ಕನ ಮಾತಿಗೆ ಹತ್ತಿರ ತರಲು ಹೇಳಿದೆ. ‘ಮಾಡಕ್ಕಾಗಲ್ಲ’ ಎಂಬುದನ್ನು ‘ಮಾಡಲು ಆಗುವುದಿಲ್ಲ’ ಎಂದು ಬರೆಯಲಿ, ಅಡ್ಡಿಯಿಲ್ಲ. ‘ತಳ್ಳಿದೆ’ ಎಂಬುದು ‘ಪ್ರತಿರೋಧ ವ್ಯಕ್ತಪಡಿಸಿದೆನು’ ಆಗುವುದು ಬೇಡ. ಸೂಪರ್‌ವೈಸರ್ ಆಡಿದ ಮಾತುಗಳನ್ನಂತೂ ಅವನು ಆಡಿದಂತೆಯೇ, ಅಸಹ್ಯವಾಗಿದ್ದರೂ, ಉದ್ಧರಣ ಚಿಹ್ನೆಯೊಳಗೆ ಇಡಬೇಕು. ‘ಅಶ್ಲೀಲವಾಗಿ ಮಾತನಾಡಿದರು’ ಎಂದರೆ ಏನೆಂದರು ಎಂದು ಸಮಿತಿ ಹೇಗೂ ಕೇಳುತ್ತದೆ.

ಹೊಸ ಪ್ರತಿ ಬಂದ ಮೇಲೆ ಶಾರದಾ ಮತ್ತೆ ಗಟ್ಟಿಯಾಗಿ ಓದಿದರು. ನಾಲಿಗೆ ತಡವರಿಸಿದಲ್ಲಿ ನಿಲ್ಲಿಸಿ, “ಇದನ್ನ ನಿಮ್ಮ ಅಕ್ಕತಂಗಿಯರಿಗೆ ಹೇಳೋದಾದ್ರೆ ಹೆಂಗೆ ಹೇಳ್ತೀರಿ?” ಎಂದು ಕೇಳುತ್ತಿದ್ದೆ. ಹೇಳಿದ್ದನ್ನು ತಮ್ಮ ಅಲ್ಲೇ ಬರೆದುಕೊಂಡ. ‘ಮಾನಸಿಕವಾಗಿ ಜರ್ಜರಿತಳಾಗಿದ್ದೇನೆ’ ಎಂಬ ಕಡೆ ಅವರು ಹೇಳಿದ್ದು, “ಬೆಳಗ್ಗೆ ಗೇಟ್ ಹತ್ರ ಬಂದ್ರೆ ಹೊಟ್ಟೆ ತೊಳ್ಸುತ್ತೆ.” ಅದೇ ಉಳಿಯಿತು. ನಾನು ಸೂಚಿಸಿದ ಒಂದು ಪದವೂ ಅವರ ಬಾಯಿಗೆ ಹೊಂದಲಿಲ್ಲ, ತೆಗೆಸಿದರು.

ಸಾಕ್ಷಿಗಳ ಹೆಸರು, ವಿಳಾಸ ಮತ್ತು ಮೊಬೈಲ್ ಮೆಸೇಜುಗಳ ಪ್ರಿಂಟ್ ಜೊತೆಗಿಟ್ಟು, ನಿಯಮದಂತೆ ಆರು ಪ್ರತಿ ಮಾಡಿಸಿದರು. ಪ್ರತಿ ಹಾಳೆಗೂ ಸಹಿ ಹಾಕಿ, ತಮಗೊಂದು ಪ್ರತಿ ಇಟ್ಟುಕೊಂಡು ಅದರ ಮೇಲೆ ತಲುಪಿದ ತಾರೀಖು ಬರೆಸಿ, ಸಹಿ ಹಾಕಿಸಿಕೊಂಡು ಬರಲು ಹೇಳಿ ಕಳಿಸಿದೆ. ನೋಟ್‌ಬುಕ್ಕಿನ ಆ ಹಾಳೆಗಳನ್ನು ಹರಿಯದೆ ಎತ್ತಿಡಲು ಹೇಳಿದೆ. ಸಮಿತಿ ಕರೆದಾಗ ಹಿಂದಿನ ದಿನ ಓದಿಕೊಳ್ಳಬೇಕಾದದ್ದು ಅದನ್ನೇ.