ಮೂರು ಪುಟದ ಮನವಿ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಕನ್ನಡ ಎಂ.ಎ. ಓದುತ್ತಿದ್ದ ವಿದ್ಯಾರ್ಥಿನಿ ನನ್ನ ಮುಂದೆ ಮೂರು ಪುಟದ ಪತ್ರವನ್ನಿಟ್ಟು, "ಆರು ಸಲ ಬರೆದೆ ಮೇಡಂ, ಕಳಿಸಲು ಧೈರ್ಯ ಬರುತ್ತಿಲ್ಲ" ಎಂದಳು. ಮೊದಲ ಓದಿನಿಂದ ಪ್ರದರ್ಶನದವರೆಗೆ ನಟರ ಮಾತು ಹೇಗೆ ಬದಲಾಗುತ್ತದೆ ಎಂಬುದು ಅವಳ ಕಿರುಸಂಶೋಧನೆಯ ವಿಷಯ. ಅದಕ್ಕಾಗಿ ಹಿರಿಯ ನಾಟಕ ನಿರ್ದೇಶಕರೊಬ್ಬರ ತಾಲೀಮು ನೋಡಬೇಕಿತ್ತು.

ಪತ್ರದ ಎರಡು ಪುಟ ಬರೀ ಹೊಗಳಿಕೆ. ಕೇಳಿಕೆ ಕೊನೆಯಲ್ಲಿ, ಅದೂ "ತಮಗೆ ತೊಂದರೆಯಾಗದಿದ್ದರೆ ಎಂದಾದರೂ ಒಮ್ಮೆ" ಎಂದು. "ಇದನ್ನು ಓದಿ ಅವರು ಏನು ತೀರ್ಮಾನಿಸಬೇಕು? ಎಷ್ಟು ದಿನ, ಯಾವಾಗ?" ಎಂದೆ. ಅವಳಲ್ಲಿ ಉತ್ತರವಿರಲಿಲ್ಲ. ಮಾತನಾಡುತ್ತಾ ಹೋದಂತೆ, ಪದವಿ ತರಗತಿಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಅಧ್ಯಾಪಕರೊಬ್ಬರು ಎಲ್ಲರೆದುರು ಗದರಿದ್ದು ಹೊರಬಂತು. ಅಂದಿನಿಂದ ಏನನ್ನು ಕೇಳುವುದಕ್ಕೂ ಮೊದಲು ಹೊಗಳಿ, ಕ್ಷಮೆ ಕೇಳಿ, ಆಮೇಲೆ ಕೇಳುವುದು ಅವಳಿಗೆ ಅಭ್ಯಾಸವಾಗಿತ್ತು.

ನಿರ್ದೇಶಕರ ಆತಂಕ ಬೇರೆ ಎಂದು ಅವಳಿಗೆ ವಿವರಿಸಿದೆ. ತಾಲೀಮು ಎಂದರೆ ನಟರು ತಪ್ಪುವ ಜಾಗ. ಒಂದೇ ಮಾತನ್ನು ಇಪ್ಪತ್ತು ಸಲ ಕೆಡಿಸುತ್ತಾರೆ, ಬೈಸಿಕೊಳ್ಳುತ್ತಾರೆ. ಹೊರಗಿನವರೊಬ್ಬರು ಪುಸ್ತಕ ಹಿಡಿದು ಕೂತರೆ ನಟರು ಹುಡುಕುವುದನ್ನು ಬಿಟ್ಟು ಅಭಿನಯಿಸಲು ತೊಡಗುತ್ತಾರೆ. ಪತ್ರ ಉತ್ತರಿಸಬೇಕಾದದ್ದು ಈ ಆತಂಕಕ್ಕೆ. ಇಬ್ಬರೂ ಕೂತು ಹೀಗೆ ಬರೆದೆವು:

"ಮಾನ್ಯರೇ, ತಮ್ಮ ಮುಂದಿನ ನಾಟಕದ ತಾಲೀಮನ್ನು ಆರು ದಿನ ನೋಡಲು ಅನುಮತಿ ಕೋರುತ್ತೇನೆ: ಓದಿನ ಹಂತದಲ್ಲಿ ಎರಡು ದಿನ, ಚಲನೆ ಕೂಡಿಸುವಾಗ ಎರಡು ದಿನ, ಪೂರ್ತಿ ನಾಟಕ ಓಡಿಸುವಾಗ ಎರಡು ದಿನ. ಹಿಂದೆ ಕುಳಿತು ಟಿಪ್ಪಣಿ ಮಾತ್ರ ಮಾಡಿಕೊಳ್ಳುತ್ತೇನೆ. ಧ್ವನಿ, ಚಿತ್ರ ದಾಖಲಿಸುವುದಿಲ್ಲ. ನಟರ ಹೆಸರು ಬಳಸುವುದಿಲ್ಲ. ಬರೆದದ್ದನ್ನು ಕಾಲೇಜಿಗೆ ಕೊಡುವ ಮೊದಲು ತಮಗೆ ತೋರಿಸುತ್ತೇನೆ. ಯಾವ ದಿನ ಬೇಡವೆಂದರೂ ಅಂದು ಬರುವುದಿಲ್ಲ."

ಜೊತೆಗೆ ಮಾರ್ಗದರ್ಶಕರ ಸಹಿಯಿದ್ದ ಕಾಲೇಜಿನ ಪತ್ರ. ಹೊಗಳಿಕೆಯಲ್ಲಿ ಒಂದೇ ವಾಕ್ಯ ಉಳಿಸಿಕೊಂಡೆವು. ಅವರ ಹಿಂದಿನ ನಾಟಕವೊಂದರಲ್ಲಿ ಅವಳು ಗಮನಿಸಿದ್ದ ಒಂದು ಮೌನದ ಬಗ್ಗೆ ಅದು. ಅದು ಅವಳು ನಿಜವಾಗಿ ಕಂಡಿದ್ದು.

ಕಾಯುವುದಕ್ಕೂ ಮಿತಿ ಹಾಕಿದೆವು. ಹತ್ತು ದಿನ ಕಾಯುವುದು, ಬಳಿಕ ತಂಡದ ವ್ಯವಸ್ಥಾಪಕರಿಗೆ ಒಂದೇ ಕರೆ, ಅದೂ ತಾಲೀಮು ನಡೆಯುವ ಸಂಜೆಯ ಹೊತ್ತಿನಲ್ಲಿ ಅಲ್ಲ. ಬೇಡವೆಂದರೆ ಪ್ರದರ್ಶನದ ನಂತರ ನಟರನ್ನು ಸಂದರ್ಶಿಸುವುದು. ಈ ಎರಡನೆಯ ದಾರಿ ಕಂಡ ಮೇಲೆ ಅವಳಿಗೆ ನಿದ್ದೆ ಬಂತು.

ಎಂಟನೆಯ ದಿನ ನಿರ್ದೇಶಕರೇ ಕರೆ ಮಾಡಿದರು. ಓದಿನ ದಿನಗಳಿಗೆ ಬೇಡ, ಎರಡನೆಯ ವಾರದಿಂದ ಬಾ, ಯಾವ ನಟರಾದರೂ ಒಲ್ಲೆ ಎಂದರೆ ಆ ದೃಶ್ಯಕ್ಕೆ ಹೊರಗಿರು ಎಂದರು. ಅವಳ ಧ್ವನಿ ನಡುಗಿತಂತೆ. ಆದರೂ, "ಓದಿನ ದಿನಗಳಲ್ಲಿ ನಟರು ಪೆನ್ಸಿಲಿನಲ್ಲಿ ಗುರುತು ಹಾಕಿದ ಪ್ರತಿಗಳನ್ನು ಆಮೇಲೆ ನೋಡಬಹುದೇ ಸರ್?" ಎಂದು ಕೇಳಿದಳು. ಅದು ನಾನು ಹೇಳಿಕೊಟ್ಟದ್ದಲ್ಲ.