ಹಿತಕಿದ ಬೇಳೆ ಫ್ರೀಜರ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತಾ?

«ಅವರೆಕಾಯಿ ಕಾಲ ಮುಗೀತಾ ಬಂತು. ಐದು ಕೆಜಿ ಹಿತಕಿದ ಬೇಳೆ ಫ್ರೀಜರ್‌ಗೆ ಹಾಕಿ ಯುಗಾದಿ ದಾಟಿಸಬೇಕು ಅಂತಿದ್ದೀನಿ. ಗಡ್ಡೆ ಕಟ್ಟಿದಾಗ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತಾ, ಇಲ್ಲ ಬೆಳೆಯೋದು ಮಾತ್ರ ನಿಲ್ಲುತ್ತಾ?» (ಶ್ರೀನಿವಾಸಪುರದಿಂದ)

ಅಕ್ಕ, ಬೆಳೆಯೋದು ನಿಲ್ಲುತ್ತೆ. ಒಂದಷ್ಟು ಸಾಯೋದೂ ನಿಜ, ಆದರೆ ಅದನ್ನ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಲ್ಯಾಬ್‌ಗಳಲ್ಲಿ ಬ್ಯಾಕ್ಟೀರಿಯಾನ ವರ್ಷಗಟ್ಟಲೆ ಜೀವಂತ ಇಡೋದೇ ಮೈನಸ್ 80 ಡಿಗ್ರಿಯಲ್ಲಿ. ನಮ್ಮನೆ ಫ್ರೀಜರ್ ಮೈನಸ್ 18.

ಮೇಲೆ ಚಿಂತಾಮಣಿ ಅಣ್ಣ «ಮೀನನ್ನ ಫ್ರೀಜ್ ಮಾಡೋದೇ ಎಲ್ಲಾ ಸಾಯಲಿ ಅಂತ» ಅಂದಿದ್ದಾರೆ. ಅರ್ಧ ಸರಿ. ಮೀನಿನೊಳಗಿನ ಹುಳ ಮೈನಸ್ 20ರಲ್ಲಿ ಒಂದು ವಾರ ಇಟ್ಟರೆ ಸಾಯುತ್ತೆ. ಹುಳ ಬೇರೆ, ಬ್ಯಾಕ್ಟೀರಿಯಾ ಬೇರೆ. 2015ರಿಂದ 2018ರವರೆಗೆ ಯುರೋಪಿನ ಹಲವು ದೇಶಗಳಲ್ಲಿ ಜನ ಕಾಯಿಲೆ ಬಿದ್ದಿದ್ದು ಫ್ರೋಜನ್ ಮುಸುಕಿನ ಜೋಳದಿಂದ. ಅದರಲ್ಲಿದ್ದ ಲಿಸ್ಟೀರಿಯಾ ಫ್ರೀಜರ್‌ನಲ್ಲಿ ಸಾಯಲಿಲ್ಲ. ಅದು ಫ್ರಿಜ್‌ನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯೋ ಜಾತಿ.

ಹಾಗಾಗಿ ಫ್ರೀಜರ್‌ಗೆ ಹೋಗೋ ಮುಂಚೆ ಬೇಳೆಯಲ್ಲಿ ಎಷ್ಟಿತ್ತು ಅನ್ನೋದೇ ಮುಖ್ಯ. ಹಿತಕಿದ ಬೇಳೆಯಲ್ಲಿ ತೊಂದರೆ ಇರೋದು ಅಲ್ಲೇ. ರಾತ್ರಿಯೆಲ್ಲ ಕಾಳು ನೀರಲ್ಲಿ, ಬೆಳಿಗ್ಗೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಬರಿಗೈಯಲ್ಲಿ ಮೂರು ಗಂಟೆ ಹಿತಕೋದು. ಬೆಚ್ಚಗಿರೋ ಅಡುಗೆಮನೆಯಲ್ಲಿ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತೆ ಅಂತಿಟ್ಟುಕೊಳ್ಳಿ. ಒಂದು ಸಾವಿರ ಇದ್ದದ್ದು ಆರು ಗಂಟೆಗೆ 40 ಲಕ್ಷ. ಫ್ರೀಜರ್ ಅದರಲ್ಲಿ ಅರ್ಧ ಕೊಂದರೂ 20 ಲಕ್ಷ ಉಳೀತು. ಹೊರಗೆ ತೆಗೆದು ಕರಗಿದ ಮೇಲೆ ಅವು ಚೇತರಿಸಿಕೊಂಡವು ಅಂದ್ರೆ, ಆ ಅರ್ಧ ವಾಪಸ್ ಬರೋಕೆ ಮತ್ತೆ ಅರ್ಧ ಗಂಟೆ ಸಾಕು.

ಅದಕ್ಕೆ ನೆನೆಸಿದ ಪಾತ್ರೆ ರಾತ್ರಿ ಫ್ರಿಜ್‌ನಲ್ಲಿರಲಿ. ಹಿತಕೋವಾಗ ಐದು ಕೆಜಿನೂ ಒಟ್ಟಿಗೆ ಹೊರಗೆ ತೆಗೀಬೇಡಿ, ಒಂದೊಂದು ಕೆಜಿ ತೆಗೆದು, ಆದ ಬೇಳೆ ಮತ್ತೆ ಒಳಗಿಡಿ. ಕೈಯಲ್ಲಿ ಗಾಯ, ಕುರು ಇದ್ದವರು ಕೂರೋದು ಬೇಡ. ಆಮೇಲೆ ನಾಲ್ಕು ಲೀಟರ್ ನೀರು ಕುದಿಸಿ, ಒಂದು ಸಲಕ್ಕೆ ಅರ್ಧ ಕೆಜಿ ಬೇಳೆ ಹಾಕಿ, ನೀರು ಮತ್ತೆ ಕುದಿ ಬಂದಮೇಲೆ ಎರಡು ನಿಮಿಷಕ್ಕೆ ಬಸಿದು, ಐಸ್ ಹಾಕಿದ ನೀರಿಗೆ ಬಿಡಿ. ಮೇಲಿರೋ ಬ್ಯಾಕ್ಟೀರಿಯಾ ಬಹುಪಾಲು ಇಲ್ಲೇ ಸಾಯೋದು, ಕೊಲ್ಲೋದು ಬಿಸಿ, ತಂಡಿ ಅಲ್ಲ. ಹಸಿ ಬೇಳೆ ಎರಡು ತಿಂಗಳಿಗೆ ಒಣಹುಲ್ಲಿನ ವಾಸನೆ ಬರೋದೂ ಇದರಿಂದ ತಪ್ಪುತ್ತೆ.

ಕುದಿಸಿದ್ರೆ ಸೊಗಡು ಹೋಗುತ್ತೆ ಅಂತ ಗೌರಿಬಿದನೂರಿನವರು ಬರೆದಿದ್ದಾರಲ್ಲ, ಅದನ್ನ ಸುಳ್ಳು ಅನ್ನೋಕಾಗಲ್ಲ. ಮೂರ್ನಾಲ್ಕು ವಾರದಲ್ಲಿ ಮುಗಿಸೋರು ಹಸಿದನ್ನೇ ಇಡಲಿ, ಬಳಸೋವಾಗ ಚೆನ್ನಾಗಿ ಬೇಯಿಸಲಿ. ಯುಗಾದಿ ದಾಟಬೇಕಾದರೆ ಕುದಿಸಿಯೇ ಇಡಿ ಅನ್ನೋದು ನನ್ನ ಮಾತು.

ನೀರಿನ ಪಸೆ ಬಟ್ಟೆಯಲ್ಲಿ ಒರೆಸಿ, ಒಂದು ಹೊತ್ತಿನ ಸಾರಿಗೆ ಆಗೋಷ್ಟು ಕವರ್‌ಗೆ ಹಾಕಿ, ಒಂದು ಇಂಚು ದಪ್ಪ ಚಪ್ಪಟೆ ಮಾಡಿ ಮಲಗಿಸಿ. ದಿನಕ್ಕೆ ಎರಡು ಕೆಜಿ ಸಾಕು. ಐದೂ ಒಟ್ಟಿಗೆ ತುರುಕಿದ್ರೆ ಮಧ್ಯದ ಕವರ್ ಗಡ್ಡೆ ಕಟ್ಟೋಕೆ ಇಡೀ ದಿನ ಹಿಡಿಯುತ್ತೆ, ಅಷ್ಟು ಹೊತ್ತೂ ಒಳಗಡೆ ಬೆಳೀತಿರುತ್ತೆ. ಸಿಂಗಲ್ ಡೋರ್ ಫ್ರಿಜ್‌ನ ಐಸ್ ಬಾಕ್ಸ್ ಆದ್ರೆ ತಿಂಗಳುಗಟ್ಟಲೆ ಇಡೋ ಆಸೆ ಬಿಡಿ. ಬಳಸೋವಾಗ ಕರಗಿಸೋದೇ ಬೇಡ, ಗಡ್ಡೆಯನ್ನೇ ಕುದಿಯೋ ಸಾರಿಗೆ ಹಾಕಿ.

ಶಿರಾದ ಅಕ್ಕ ಕೇಳಿದ್ದು ಬೇರೆ ವಿಷಯ. ರಾತ್ರಿಯೆಲ್ಲ ಹೊರಗಿದ್ದ ಮಟನ್ ಸಾರು ಫ್ರೀಜರ್‌ಗೆ ಹಾಕಿ ಆಮೇಲೆ ಕುದಿಸಿದ್ರೆ ಸರಿ ಹೋಗುತ್ತಾ ಅಂತ. ಹೋಗಲ್ಲ ಅಕ್ಕ. ಕೆಲವು ಬ್ಯಾಕ್ಟೀರಿಯಾ ಸಾರಿನಲ್ಲೇ ವಿಷ ಬಿಟ್ಟಿರುತ್ತವೆ. ಆ ವಿಷ ಫ್ರೀಜರ್‌ಗೂ ಬಗ್ಗಲ್ಲ, ಕುದಿಗೂ ಬಗ್ಗಲ್ಲ. ವಾಸನೆ ನೋಡಿದ್ರೂ ಗೊತ್ತಾಗಲ್ಲ. ಚೆಲ್ಲಿಬಿಡಿ.

ಇನ್ನು ಕರೆಂಟು. ಬಾಗಿಲು ತೆಗೀದೆ ಇದ್ರೆ ತುಂಬಿದ ಫ್ರೀಜರ್ ಸುಮಾರು ಎರಡು ದಿನ ತಡೆಯುತ್ತೆ, ಅರ್ಧ ತುಂಬಿದ್ದು ಒಂದು ದಿನ. ಇದು ಬೇರೆ ಬಾಗಿಲಿರೋ ದೊಡ್ಡ ಫ್ರೀಜರ್ ಲೆಕ್ಕ, ಐಸ್ ಬಾಕ್ಸ್‌ಗೆ ಹೊಂದಲ್ಲ. ಊರಿಗೆ ಹೋಗೋ ಮುಂಚೆ ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ರೆ ಬೇಳೆ ಬಳಸಬಹುದು. ಲೋಟದ ತಳ ಸೇರಿದ್ರೆ ಎಲ್ಲಾ ಕರಗಿ ಮತ್ತೆ ಗಡ್ಡೆ ಕಟ್ಟಿದೆ ಅಂತ ಅರ್ಥ, ಆ ಕವರ್‌ಗಳು ತಿಪ್ಪೆಗೆ.